ಹಠಮಾರಿ ಪ್ರಶ್ನೆಯನ್ನು ಬಿಟ್ಟು ಹೊರಡುವ ಹೊತ್ತು

ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆಯ ರೀಡಿಂಗ್ ಭಾಗದಲ್ಲಿ ಮೂರು ಉದ್ದನೆಯ ಪ್ಯಾಸೇಜ್‌ಗಳು, 40 ಪ್ರಶ್ನೆಗಳು, 60 ನಿಮಿಷಗಳು. ಮಂಗಳೂರಿನಲ್ಲಿ ನನ್ನ ಹತ್ತಿರ ತಯಾರಿಗೆ ಬರುವವರಲ್ಲಿ ಹೆಚ್ಚಿನವರು ಬ್ರಿಟನ್ನಿಗೆ ಹೊರಟ ನರ್ಸ್‌ಗಳು. ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಅವರಿಂದ ಓದು, ಕೇಳುವಿಕೆ, ಮಾತು ಈ ಮೂರರಲ್ಲೂ 7 ಬ್ಯಾಂಡ್ ಕೇಳುತ್ತದೆ, ಬರವಣಿಗೆಯಲ್ಲಿ ಮಾತ್ರ 6.5 ಸಾಕು. ಇವರಿಗೆಲ್ಲ ಇಂಗ್ಲಿಷ್ ಬರುತ್ತದೆ. ವಾರ್ಡಿನಲ್ಲಿ ದಿನವಿಡೀ ಇಂಗ್ಲಿಷಿನಲ್ಲೇ ಕೇಸ್‌ಶೀಟ್ ಬರೆದವರು. ಆದರೂ ಮಾಕ್ ಟೆಸ್ಟಿನಲ್ಲಿ 26, 27ಕ್ಕೆ ನಿಂತುಬಿಡುತ್ತಾರೆ. ಆ ಪತ್ರಿಕೆಗಳನ್ನು ಬಿಡಿಸಿ ನೋಡಿದರೆ ಕಾಣುವುದು ಭಾಷೆಯ ಸಮಸ್ಯೆಯಲ್ಲ. ಕೊನೆಯ ನಾಲ್ಕೈದು ಪ್ರಶ್ನೆಗಳನ್ನು ಅವರು ಮುಟ್ಟಿಯೇ ಇರುವುದಿಲ್ಲ. ಆ ನಿಮಿಷಗಳು ಎಲ್ಲಿ ಹೋದವು ಎಂದು ಹುಡುಕುತ್ತ ಹುಡುಕುತ್ತ ಕಲಿತ ಪಾಠಗಳು ಇವು.

1. ಇಪ್ಪತ್ತು, ಇಪ್ಪತ್ತು, ಇಪ್ಪತ್ತು ಬೇಡ

ಪ್ರತಿ ಪ್ಯಾಸೇಜಿನ ತಲೆಯ ಮೇಲೆ ‘ಈ ಪ್ರಶ್ನೆಗಳಿಗೆ ಸುಮಾರು 20 ನಿಮಿಷ ಬಳಸಿ’ ಎಂಬ ಸೂಚನೆ ಇರುತ್ತದೆ. ಅದು ನಿಯಮವಲ್ಲ, ಸಲಹೆ. 20 ನಿಮಿಷ ಆಯಿತೆಂದು ಯಾರೂ ಬಂದು ಪುಟ ತಿರುಗಿಸುವುದಿಲ್ಲ. ಮೂರು ಪ್ಯಾಸೇಜುಗಳ ಉದ್ದ ಹೆಚ್ಚುಕಡಿಮೆ ಒಂದೇ ಇದ್ದರೂ ತೂಕ ಒಂದೇ ಅಲ್ಲ. ಸಾಮಾನ್ಯವಾಗಿ ಮೊದಲನೆಯದು ಒಂದು ವಸ್ತುವಿನ ಅಥವಾ ಸ್ಥಳದ ಕಥೆ: ಇದು ಹೀಗೆ ಶುರುವಾಯಿತು, ಹೀಗೆ ಬೆಳೆಯಿತು ಎಂದು ನೇರವಾಗಿ ಸಾಗುತ್ತದೆ. ಮೂರನೆಯದರಲ್ಲಿ ಲೇಖಕ ವಾದ ಹೂಡುತ್ತಾನೆ, ಒಬ್ಬ ಸಂಶೋಧಕ ಹೇಳಿದ್ದನ್ನು ಇನ್ನೊಬ್ಬರ ಮಾತಿನಿಂದ ತಳ್ಳಿಹಾಕುತ್ತಾನೆ, ತನ್ನ ನಿಲುವನ್ನು ಅರ್ಧ ವಾಕ್ಯದಲ್ಲಿ ಅಡಗಿಸಿಡುತ್ತಾನೆ.

ನಾನು ಹೇಳಿಕೊಡುವ ಹಂಚಿಕೆ 16, 19, 22. ಉಳಿದ 3 ನಿಮಿಷ ಕೊನೆಗೆ. ಮೊದಲನೆಯದಕ್ಕೆ 16 ಎಂದಾಗ ಎಲ್ಲರ ಮುಖವೂ ಬಾಡುತ್ತದೆ. ಸ್ವಲ್ಪ ಲೆಕ್ಕ ಹಾಕಿ. ಮೂರೂ ಪ್ಯಾಸೇಜ್ ಸೇರಿ 2,150ರಿಂದ 2,750 ಪದಗಳಿರುತ್ತವೆ. ನಿಮಿಷಕ್ಕೆ 200 ಪದ ಓದುವವರಿಗೆ ಒಂದು 900 ಪದಗಳ ಪ್ಯಾಸೇಜನ್ನು ಆರಂಭದಿಂದ ಕೊನೆಯವರೆಗೆ ಒಮ್ಮೆ ಓದಲು ನಾಲ್ಕೂವರೆ ನಿಮಿಷ ಬೇಕು. 16ರಲ್ಲಿ ಅದನ್ನು ಕಳೆದರೆ ಹನ್ನೊಂದೂವರೆ ನಿಮಿಷ ಉಳಿಯಿತು. ಹದಿಮೂರು ಪ್ರಶ್ನೆಗಳಿಗೆ ಹಂಚಿದರೆ ಒಂದೊಂದಕ್ಕೆ ಐವತ್ತು ಸೆಕೆಂಡಿನ ಮೇಲೆ. ಒಮ್ಮೆ ಓದಿಕೊಂಡ ಸರಳ ಪ್ಯಾಸೇಜಿಗೆ ಇದು ಸಾಕು. ಮೂರನೆಯದರಲ್ಲಿ 14 ಪ್ರಶ್ನೆಗಳಿದ್ದರೆ ಇದೇ ಲೆಕ್ಕದಲ್ಲಿ ಒಂದೊಂದಕ್ಕೆ ಒಂದೂಕಾಲು ನಿಮಿಷ ಸಿಗುತ್ತದೆ, ಅಲ್ಲಿ ಅಷ್ಟು ಬೇಕೇಬೇಕು.

ಎಲ್ಲ ಪ್ರಶ್ನೆಗೂ ಒಂದೇ ಅಂಕ ಎಂಬುದು ಈ ಹಂಚಿಕೆಯ ಹಿಂದಿರುವ ಸಂಗತಿ. ಮೊದಲ ಪ್ಯಾಸೇಜಿನ ಸುಲಭದ ಪ್ರಶ್ನೆಗೂ ಒಂದು, ಮೂರನೆಯದರ ಕಗ್ಗಂಟಿಗೂ ಒಂದು. ಹಾಗಾದರೆ ಮೊದಲನೆಯದನ್ನೇ ನಿಧಾನವಾಗಿ, ತಪ್ಪಿಲ್ಲದೆ ಮಾಡಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ಮಾಡಬಹುದು. ಆದರೆ ಹದಿಮೂರರಲ್ಲಿ ಹನ್ನೊಂದು ಸರಿ ಬಂದ ಮೇಲೆ ಉಳಿದ ಎರಡಕ್ಕೆ ಸುರಿಯುವ ಆರು ನಿಮಿಷದಲ್ಲಿ ಮೂರನೆಯ ಪ್ಯಾಸೇಜಿನ ನಾಲ್ಕೈದು ಪ್ರಶ್ನೆಗಳನ್ನು ಓದಿ ಉತ್ತರಿಸಬಹುದು.

2. ಗಡಿಯಾರದ ಕಡೆ ಮೂರೇ ನೋಟ

ಪ್ರತಿ ಪ್ರಶ್ನೆಗೂ ಗಡಿಯಾರ ನೋಡುವವರ ಓದು ಕೆಡುತ್ತದೆ. ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯುವವರಿಗೆ ಉಳಿದ ಸಮಯ ಪರದೆಯ ಮೇಲೆಯೇ ಕಾಣುತ್ತಿರುತ್ತದೆ, ಅದು ಇನ್ನೂ ಕಷ್ಟ. ಪ್ಯಾಸೇಜ್ ಮುಗಿದಾಗ ಮಾತ್ರ ನೋಡಿ. ಉಳಿದದ್ದು 44 ಇರಬೇಕು, ಆಮೇಲೆ 25, ಆಮೇಲೆ 3. ಈ ಮೂರು ಅಂಕೆ ನೆನಪಿದ್ದರೆ ಸಾಕು. ಮೊದಲ ನೋಟದಲ್ಲಿ 41 ಕಂಡರೆ ಗಾಬರಿ ಬೇಡ, ಕಳೆದ ಮೂರು ನಿಮಿಷವನ್ನು ಎರಡನೆಯದರಲ್ಲೇ ಕೂಡಿಸಿಕೊಳ್ಳಲು ಹೋಗಲೂ ಬೇಡಿ. ಎರಡನೆಯದರಲ್ಲಿ ಒಂದೂವರೆ, ಮೂರನೆಯದರಲ್ಲಿ ಒಂದೂವರೆ ಕಡಿಮೆ ಮಾಡಿ. ಕೊನೆಯ 3 ನಿಮಿಷವನ್ನು ಮಾತ್ರ ಮುಟ್ಟಬೇಡಿ. ಅದೇಕೆಂದು ಮುಂದೆ ಹೇಳುತ್ತೇನೆ.

3. ‘ಸಿಕ್ಕಿಲ್ಲ’ ಬೇರೆ, ‘ತಿಳಿದಿಲ್ಲ’ ಬೇರೆ

ಪ್ರಶ್ನೆ ಯಾವಾಗ ಬಿಡಬೇಕು ಎಂದರೆ ಹೆಚ್ಚಿನ ಕಡೆ ಒಂದೇ ಉತ್ತರ: ಒಂದೂವರೆ ನಿಮಿಷ ಆದ ಮೇಲೆ. ನನಗೆ ಈ ಉತ್ತರ ಇಷ್ಟವಿಲ್ಲ. ಪ್ರಶ್ನೆಯೊಳಗೆ ಮುಳುಗಿದವರಿಗೆ ಒಂದೂವರೆ ನಿಮಿಷ ಆದದ್ದು ಗೊತ್ತಾಗುವುದೇ ಇಲ್ಲ. ಗಡಿಯಾರದ ಗುರುತಿಗಿಂತ ಓದಿನೊಳಗಿನ ಗುರುತು ಒಳ್ಳೆಯದು.

ಹಠಮಾರಿ ಪ್ರಶ್ನೆಗಳು ಎರಡು ಬಗೆ. ಒಂದರಲ್ಲಿ ಉತ್ತರವಿರುವ ವಾಕ್ಯವೇ ಸಿಕ್ಕಿಲ್ಲ. ಇನ್ನೊಂದರಲ್ಲಿ ವಾಕ್ಯ ಸಿಕ್ಕಿದೆ, ಬೆರಳು ಅದರ ಮೇಲೇ ಇದೆ, ಆದರೆ ಎರಡು ಉತ್ತರಗಳಲ್ಲಿ ಯಾವುದೆಂದು ತಿಳಿಯುತ್ತಿಲ್ಲ. ಈ ಎರಡಕ್ಕೂ ಮದ್ದು ಬೇರೆ ಬೇರೆ.

ವಾಕ್ಯ ಸಿಕ್ಕಿಲ್ಲವಾದರೆ ಒಂದು ಸಲ ಹುಡುಕಿ, ಅದೂ ಇಡೀ ಪ್ಯಾಸೇಜಿನಲ್ಲಿ ಅಲ್ಲ. ಟ್ರೂ-ಫಾಲ್ಸ್-ನಾಟ್ ಗಿವನ್, ಬಹು ಆಯ್ಕೆ, ವಾಕ್ಯ ಪೂರ್ಣಗೊಳಿಸುವುದು, ಚಿಕ್ಕ ಉತ್ತರ, ಇವುಗಳ ಉತ್ತರಗಳು ಪ್ಯಾಸೇಜಿನಲ್ಲಿ ಪ್ರಶ್ನೆಗಳ ಕ್ರಮದಲ್ಲೇ ಬರುತ್ತವೆ. 5ನೇ ಪ್ರಶ್ನೆಯ ಉತ್ತರ ಎರಡನೇ ಪ್ಯಾರಾದಲ್ಲಿದ್ದು 7ನೆಯದರದ್ದು ನಾಲ್ಕನೆಯದರಲ್ಲಿದ್ದರೆ, 6ನೆಯದು ಆ ನಡುವೆ ಎಲ್ಲೋ ಇರಬೇಕು. ಹಾಗಾಗಿ 6 ಸಿಗಲಿಲ್ಲವೆಂದು ಅಲ್ಲೇ ಕೂರುವುದಕ್ಕಿಂತ 7 ಮಾಡಿ ಹಿಂದೆ ಬರುವುದು ಲೇಸು. 7 ಸಿಕ್ಕಿದೊಡನೆ 6ಕ್ಕೆ ಎರಡೂ ಕಡೆ ಬೇಲಿ ಬೀಳುತ್ತದೆ, ಹುಡುಕಬೇಕಾದದ್ದು ಆರೇಳು ವಾಕ್ಯಕ್ಕೆ ಇಳಿಯುತ್ತದೆ. ಇಲ್ಲಿ ಬಿಡುವುದು ಸೋಲೊಪ್ಪುವುದಲ್ಲ, ಹುಡುಕುವ ದಾರಿಯೇ ಅದು.

ವಾಕ್ಯ ಸಿಕ್ಕಿದೆ, ನಿರ್ಧಾರವಾಗುತ್ತಿಲ್ಲ ಎಂದಾದರೆ ಆ ವಾಕ್ಯವನ್ನೂ ಅದರ ಹಿಂದುಮುಂದಿನ ಒಂದೊಂದು ವಾಕ್ಯವನ್ನೂ ಎರಡು ಸಲ ಓದಿ. ಎರಡನೇ ಸಲ ಹೊಸದೇನೂ ಕಾಣಲಿಲ್ಲವಾದರೆ ಮೂರನೇ ಸಲವೂ ಕಾಣುವುದಿಲ್ಲ. ಅದೇ ವಾಕ್ಯವನ್ನು ಮೂರನೇ ಸಲ ಓದಲು ಶುರುಮಾಡಿದ್ದೀರಿ ಎಂಬುದೇ ಹೊರಡುವ ಗುರುತು. ನಿಮಿಷ ಎಷ್ಟಾಗಿದ್ದರೂ ಸರಿ.

4. ಕೋಲಾರದ ತಂತಿ

ತರಗತಿಗಾಗಿ ನಾನೇ ಬರೆದುಕೊಂಡ ಒಂದು ಅಭ್ಯಾಸದ ಪ್ಯಾಸೇಜ್ ಇದೆ, ಮೈಸೂರು ಸಂಸ್ಥಾನಕ್ಕೆ ವಿದ್ಯುತ್ತು ಬಂದದ್ದರ ಬಗ್ಗೆ. ಅದರ ಮೂರನೇ ಪ್ಯಾರಾದ ಸಾರ ಇಷ್ಟು: ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ಉತ್ಪಾದನೆ 1902ರಲ್ಲಿ ಶುರುವಾಯಿತು. ಅದು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನಲ್ಲಿ ವಿದ್ಯುತ್ ದೀಪ ಹತ್ತಿದ್ದು 1905ರಲ್ಲಿ.

ಪ್ರಶ್ನೆಗಳು ಟ್ರೂ-ಫಾಲ್ಸ್-ನಾಟ್ ಗಿವನ್ ಬಗೆಯವು. 8: ಶಿವನಸಮುದ್ರದ ವಿದ್ಯುತ್ತನ್ನು ಮೊದಲು ಬಳಸಿದ್ದು ಉದ್ಯಮವೊಂದು. 9: ಗಣಿಗಳವರೆಗೆ ತಂತಿ ಎಳೆಯುವ ವೆಚ್ಚವನ್ನು ಗಣಿ ಕಂಪನಿಗಳು ಕೊಟ್ಟವು. 10: ಗಣಿಗಳಿಗಿಂತ ಮೊದಲೇ ಬೆಂಗಳೂರಿಗೆ ವಿದ್ಯುತ್ತು ಬಂತು.

ಉಡುಪಿ ಕಡೆಯ ಒಬ್ಬ ನರ್ಸ್, ತುಂಬ ಚುರುಕಾದವರು, ಈ ಪತ್ರಿಕೆ ಮಾಡುತ್ತಿದ್ದಾಗ ನಾನು ಪಕ್ಕದಲ್ಲಿ ಕೂತು ಅವರ ಪೆನ್ಸಿಲ್ ಎಲ್ಲಿ ಓಡುತ್ತದೆಂದು ನೋಡುತ್ತಿದ್ದೆ. 8ಕ್ಕೆ ಟ್ರೂ ಎಂದು ಬರೆಯಲು ಅವರಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. 9ರಲ್ಲಿ ಸಿಕ್ಕಿಬಿದ್ದರು. ಮೂರನೇ ಪ್ಯಾರಾ ಓದಿದರು, ಮತ್ತೆ ಓದಿದರು. ಆಮೇಲೆ ನಾಲ್ಕು, ಐದು, ಆರನೇ ಪ್ಯಾರಾಗಳಿಗೆ ಹೋದರು. ಆರನೆಯದರಲ್ಲಿ ಗಣಿ ಕಂಪನಿಗಳು ತಮ್ಮ ನೌಕರರಿಗಾಗಿ ನಡೆಸಿದ ಆಸ್ಪತ್ರೆಯ ಮಾತು ಬರುತ್ತದೆ. ‘ಕಂಪನಿ’ ಎಂಬ ಪದ, ಅದರ ಪಕ್ಕದಲ್ಲೇ ಖರ್ಚಿನ ಮಾತು ಕಂಡು ಅಲ್ಲಿ ನಿಂತರು. ಅಲ್ಲಿಂದ ತಿರುಗಿ ಮೂರನೆಯದಕ್ಕೆ ಬಂದರು. ಐದು ನಿಮಿಷದ ಮೇಲೆ ಟ್ರೂ ಎಂದು ಬರೆದರು.

ಕೇಳಿದೆ, ಯಾಕೆ ಅಷ್ಟು ಹೊತ್ತು?

“ಎಲ್ಲೋ ಓದಿದ ಹಾಗಿತ್ತು ಮೇಡಂ. ಇನ್ನೊಂಚೂರು ಹುಡುಕಿದ್ರೆ ಸಿಗ್ತದೆ ಅಂತ ಅನ್ನಿಸ್ತು.”

ಆ ‘ಇನ್ನೊಂಚೂರು’ ನಾಟ್ ಗಿವನ್ ಪ್ರಶ್ನೆಗಳ ಬಲೆ. ಇರುವ ವಸ್ತುವನ್ನು ಹುಡುಕಿದರೆ ಹುಡುಕಾಟಕ್ಕೆ ಕೊನೆ ಇದೆ. ಇಲ್ಲದ ವಸ್ತುವನ್ನು ಹುಡುಕಿದರೆ ಕೊನೆ ಇಲ್ಲ, ನಾವೇ ಕೊನೆ ಹಾಕಬೇಕು. ಎಲ್ಲಿ ಹಾಕಬೇಕೆಂದು ಪ್ರಶ್ನೆಪತ್ರಿಕೆಯೇ ಹೇಳಿಕೊಡುತ್ತದೆ. ಅವರು 9ನ್ನು ಬಿಟ್ಟು 10ಕ್ಕೆ ಹೋಗಿದ್ದರೆ ಅದರ ಉತ್ತರ ಮೂರನೇ ಪ್ಯಾರಾದ ಕೊನೆಯ ವಾಕ್ಯದಲ್ಲಿ ತಕ್ಷಣ ಸಿಗುತ್ತಿತ್ತು: 1902 ಗಣಿಗೆ, 1905 ಬೆಂಗಳೂರಿಗೆ, ಆದ್ದರಿಂದ ಫಾಲ್ಸ್. 8ರ ಉತ್ತರವೂ ಅದೇ ಪ್ಯಾರಾದಲ್ಲಿ, 10ರದ್ದೂ ಅದೇ ಪ್ಯಾರಾದಲ್ಲಿ. ನಡುವಿನ 9ಕ್ಕೆ ಆರನೇ ಪ್ಯಾರಾದಲ್ಲಿ ಉತ್ತರವಿರಲು ಸಾಧ್ಯವೇ ಇಲ್ಲ. ಮೂರನೆಯದರಲ್ಲಿ ಗಣಿ ಇದೆ, ದೂರ ಇದೆ, ತಂತಿಗೆ ಯಾರು ದುಡ್ಡು ಕೊಟ್ಟರೆಂಬ ಮಾತಿಲ್ಲ. ನಾಟ್ ಗಿವನ್.

ಇದೇ ಪ್ರಶ್ನೆಯಲ್ಲಿ ಕೆಜಿಎಫ್ ಕಡೆಯ ಹುಡುಗನೊಬ್ಬ ಬೇರೆ ರೀತಿ ಸಿಕ್ಕಿಬಿದ್ದ. ಗಣಿಯಲ್ಲಿ ದುಡಿದ ಮನೆತನದವನು. “ನಮ್ಮ ತಾತ ಹೇಳ್ತಿದ್ರು ಮೇಡಂ, ಎಲ್ಲಾ ಕಂಪ್ನಿದೇ ಅಂತ” ಎಂದ. ತಾತನ ಮಾತು ನಿಜವಿರಲಿ ಸುಳ್ಳಿರಲಿ, ಪ್ಯಾಸೇಜಿನಲ್ಲಿ ಇಲ್ಲದ ಮೇಲೆ ಉತ್ತರ ನಾಟ್ ಗಿವನ್. ಮೊದಲೇ ಗೊತ್ತಿರುವ ವಿಷಯದ ಪ್ಯಾಸೇಜ್ ಬಂದರೆ ಎಲ್ಲರಿಗೂ ಖುಷಿ. ನನಗೆ ಮಾತ್ರ ಅನುಮಾನ.

ಆ ಐದು ನಿಮಿಷದ ಬೆಲೆ ಕೊನೆಯಲ್ಲಿ ಕಾಣಿಸಿತು. ಉಡುಪಿಯ ಆ ನರ್ಸ್‌ಗೆ ಮೂರನೇ ಪ್ಯಾಸೇಜಿನ ಕೊನೆಯ ನಾಲ್ಕು ಪ್ರಶ್ನೆ ಮುಟ್ಟಲಾಗಲಿಲ್ಲ, ಅರ್ಧ ವಾಕ್ಯಕ್ಕೆ ಸರಿಯಾದ ಬಾಲ ಹೊಂದಿಸುವಂಥವು. ಮಾರನೆಯ ದಿನ ಅವಷ್ಟನ್ನೇ ಕೊಟ್ಟು, ಐದು ನಿಮಿಷ ಎಂದು ಹೇಳಿ ಕೂರಿಸಿದೆ. ಮೂರು ಸರಿ ಬಂದವು. ಒಂದು ತಪ್ಪು ಉತ್ತರವನ್ನು ಕೊಳ್ಳಲು ಮೂರು ಸರಿ ಉತ್ತರಗಳನ್ನು ತೆತ್ತಂತಾಯಿತು.

5. ಊಹೆಗೆ ಬೆಲೆ ಇರುವ ಪ್ರಶ್ನೆಯನ್ನು ಬೇಗ ಬಿಡಿ

ಈ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇದು ಎಲ್ಲರಿಗೂ ಗೊತ್ತು. ಇದರಿಂದ ಹೊರಡುವ ಮುಂದಿನ ಮಾತನ್ನು ಮಾತ್ರ ಹೆಚ್ಚಿನವರು ಗಮನಿಸುವುದಿಲ್ಲ: ಬಿಟ್ಟುಬಿಡುವುದರ ನಷ್ಟ ಎಲ್ಲ ಪ್ರಶ್ನೆಗಳಲ್ಲಿ ಒಂದೇ ಅಲ್ಲ.

ಟ್ರೂ-ಫಾಲ್ಸ್-ನಾಟ್ ಗಿವನ್‌ನಲ್ಲಿ ಕಣ್ಣುಮುಚ್ಚಿ ಬರೆದರೂ ಮೂರರಲ್ಲಿ ಒಂದು ಪಾಲು ಅವಕಾಶವಿದೆ. ಒಂದನ್ನು ತಳ್ಳಿಹಾಕಿದ್ದರೆ ಅರ್ಧಕ್ಕರ್ಧ. ನಾಲ್ಕು ಆಯ್ಕೆಯ ಪ್ರಶ್ನೆಯಲ್ಲಿ ಎರಡನ್ನು ಹೊಡೆದುಹಾಕಿ ಎರಡರ ನಡುವೆ ತೂಗುತ್ತಿದ್ದರೂ ಅಷ್ಟೆ. ಅಂಥ ಕಡೆ ಇನ್ನೆರಡು ನಿಮಿಷ ಕೂತು ಗಳಿಸುವುದು ಹೆಚ್ಚೆಂದರೆ ಉಳಿದ ಅರ್ಧ. ಬಿಟ್ಟ ಜಾಗ ತುಂಬುವ ಪ್ರಶ್ನೆಯಲ್ಲಿ ಹೀಗಲ್ಲ. ಪ್ಯಾಸೇಜಿನಿಂದಲೇ ಪದ ಎತ್ತಿ ಬರೆಯಬೇಕು, ಊಹಿಸಿ ಬರೆದ ಪದ ಸರಿಹೋಗುವುದು ಅಪರೂಪ. ಬಿಟ್ಟರೆ ಹೆಚ್ಚುಕಡಿಮೆ ಇಡೀ ಅಂಕ ಹೋದಂತೆ.

ನಮ್ಮವರು ಮಾಡುವುದು ಇದಕ್ಕೆ ತದ್ವಿರುದ್ಧ. ಟ್ರೂ-ಫಾಲ್ಸ್ ಜೊತೆ ಗುದ್ದಾಡುತ್ತಾರೆ, ಬಿಟ್ಟ ಜಾಗವನ್ನು ‘ಪದ ಸಿಗಲಿಲ್ಲ’ ಎಂದು ಬೇಗ ದಾಟುತ್ತಾರೆ. ನನ್ನ ಸಲಹೆ: ನಿಮಿಷ ಉಳಿದಿದ್ದರೆ ಅದನ್ನು ಬಿಟ್ಟ ಜಾಗಕ್ಕೆ ಕೊಡಿ. ಸಾರಾಂಶದ ರೂಪದಲ್ಲಿದ್ದರೆ ಅದರ ಉತ್ತರಗಳು ಸಾಮಾನ್ಯವಾಗಿ ಪ್ಯಾಸೇಜಿನ ಒಂದೇ ಭಾಗದಲ್ಲಿ ಒತ್ತೊತ್ತಾಗಿರುತ್ತವೆ, ಒಂದು ಸಿಕ್ಕರೆ ಪಕ್ಕದವು ದೂರವಿರುವುದಿಲ್ಲ. ಆ ಭಾಗವೇ ಗುರುತಾಗದಿದ್ದರೆ ಮಾತ್ರ ಅದನ್ನೂ ಬಿಡಿ.

7 ಬ್ಯಾಂಡ್ ಬೇಕಾದವರು ಇನ್ನೊಂದನ್ನು ನೆನಪಿಡಿ. ಅಕಾಡೆಮಿಕ್ ಪತ್ರಿಕೆಯಲ್ಲಿ ಅದಕ್ಕೆ 40ರಲ್ಲಿ 30ರ ಸುಮಾರು ಬೇಕು, 8ಕ್ಕೆ 35ರ ಸುಮಾರು. ಅಂದರೆ ಹತ್ತು ಪ್ರಶ್ನೆ ಕೈಬಿಟ್ಟರೂ ಬ್ರಿಟನ್ನಿನ ಕೌನ್ಸಿಲ್ ಬಾಗಿಲು ತೆರೆಯುತ್ತದೆ. (ಜನರಲ್ ಟ್ರೈನಿಂಗ್ ಬರೆಯುವವರಿಗೆ ಈ ಸಡಿಲ ಇಲ್ಲ, ಅಲ್ಲಿ 7ಕ್ಕೆ 34ರ ಸುಮಾರು ಬೇಕು.) ಆ ಹತ್ತು ಯಾವುವು ಎಂದು ನೀವು ಆರಿಸುತ್ತೀರೋ, ಸಮಯ ಮುಗಿದು ಅದೇ ಆರಿಸುತ್ತದೋ ಎಂಬುದಷ್ಟೇ ಪ್ರಶ್ನೆ.

6. ಹೆಡಿಂಗ್ ಹೊಂದಿಸುವಾಗ ಎರಡು ಉತ್ತರ ಬರೆದಿಡಿ

ಪ್ಯಾರಾಗಳಿಗೆ ಹೆಡಿಂಗ್ ಹೊಂದಿಸುವ ಪ್ರಶ್ನೆಯಲ್ಲಿ ಒಂದು ಹೆಡಿಂಗ್ ಒಂದೇ ಸಲ ಬಳಕೆಯಾಗುತ್ತದೆ. ಹಾಗಾಗಿ ಒಂದು ತಪ್ಪಿದರೆ ಇನ್ನೊಂದನ್ನೂ ಎಳೆದುಕೊಂಡು ಹೋಗುತ್ತದೆ. ಎರಡು ಹೆಡಿಂಗ್ ಸಮಸಮ ಕಂಡಾಗ ಅಲ್ಲೇ ತೀರ್ಮಾನಿಸುವ ಹಠ ಬೇಡ. ಎರಡರ ಸಂಖ್ಯೆಯನ್ನೂ ಅಂಚಿನಲ್ಲಿ ಬರೆದು ಮುಂದಿನ ಪ್ಯಾರಾಕ್ಕೆ ಹೋಗಿ. ಎಷ್ಟೋ ಸಲ ಆ ಎರಡರಲ್ಲಿ ಒಂದು ಮುಂದಿನ ಪ್ಯಾರಾವೊಂದಕ್ಕೆ ಅಚ್ಚುಕಟ್ಟಾಗಿ ಕೂತುಬಿಡುತ್ತದೆ, ಹಿಂದಿನದು ತಾನಾಗಿ ಬಗೆಹರಿಯುತ್ತದೆ.

ಯಾವ ಪ್ಯಾರಾದಲ್ಲಿ ಯಾವ ಮಾಹಿತಿ ಇದೆ ಎಂದು ಕೇಳುವ ಪ್ರಶ್ನೆಗಳನ್ನು ಪತ್ರಿಕೆಯಲ್ಲಿ ಮೊದಲಿಗೇ ಕೊಟ್ಟಿದ್ದರೂ ಆ ಪ್ಯಾಸೇಜಿನ ಕೊನೆಗೆ ಮಾಡಿ. ಅವಕ್ಕೆ ಕ್ರಮವಿಲ್ಲ, ಬೇಲಿ ಹಾಕಿಕೊಳ್ಳಲು ಬರುವುದಿಲ್ಲ. ಬೇರೆ ಪ್ರಶ್ನೆಗಳಿಗಾಗಿ ಪ್ಯಾಸೇಜ್ ತಿರುವಿಹಾಕಿ ಆದ ಮೇಲೆ ಅರ್ಧದಷ್ಟು ಉತ್ತರ ನೆನಪಿನಲ್ಲೇ ಇರುತ್ತದೆ.

7. ಬಿಟ್ಟ ಜಾಗ ಖಾಲಿ ಇರಬಾರದು

ಇದು ಕಾಗದದಲ್ಲಿ ಬರೆಯುವವರಿಗೆ ಮುಖ್ಯ. 17ನ್ನು ಬಿಟ್ಟು 18ರ ಉತ್ತರವನ್ನು ಆನ್ಸರ್ ಶೀಟಿನ 17ನೇ ಸಾಲಿನಲ್ಲಿ ಬರೆದು, ಅಲ್ಲಿಂದ ಮುಂದಿನದೆಲ್ಲ ಒಂದೊಂದು ಸಾಲು ಮೇಲೆ ಸರಿದ ಶೀಟುಗಳನ್ನು ನೋಡಿದ್ದೇನೆ. ಬಿಡುವುದಕ್ಕೆ ಮುಂಚೆ ಆ ಸಾಲಿನಲ್ಲಿ ಒಂದು ಊಹೆ ಬರೆಯಿರಿ, ಪ್ರಶ್ನೆಪತ್ರಿಕೆಯಲ್ಲಿ ಆ ಸಂಖ್ಯೆಗೆ ಸುತ್ತು ಹಾಕಿ. ಕಂಪ್ಯೂಟರಿನಲ್ಲಾದರೆ ಊಹೆಯನ್ನು ಗುರುತು ಮಾಡಿ, ಮರುನೋಟಕ್ಕೆ ಕೊಟ್ಟಿರುವ ಗುಂಡಿ ಒತ್ತಿ.

ಇನ್ನೊಂದು ಗೊಂದಲ ಪ್ರತಿ ತಂಡದಲ್ಲೂ ಯಾರಿಗಾದರೂ ಇರುತ್ತದೆ. ಕಾಗದದ ಪರೀಕ್ಷೆಯಲ್ಲಿ ಉತ್ತರ ನಕಲು ಮಾಡಲು ಹೆಚ್ಚುವರಿ ಹತ್ತು ನಿಮಿಷ ಸಿಗುವುದು ಲಿಸನಿಂಗ್‌ಗೆ ಮಾತ್ರ. ರೀಡಿಂಗ್‌ನಲ್ಲಿ ಆ 60 ನಿಮಿಷದಲ್ಲೇ ಶೀಟ್ ತುಂಬಿರಬೇಕು. ಒಂದೊಂದು ಪ್ಯಾಸೇಜ್ ಮುಗಿದೊಡನೆ ಬರೆಯುತ್ತ ಹೋಗಿ.

8. ಕೊನೆಯ ಮೂರು ನಿಮಿಷಕ್ಕೆ ಏನು, ಏನಲ್ಲ

ಆ ಮೂರು ನಿಮಿಷ ಬಿಟ್ಟ ಪ್ರಶ್ನೆಗಳನ್ನೆಲ್ಲ ಮತ್ತೆ ಬಿಡಿಸುವುದಕ್ಕಲ್ಲ. ಮೊದಲು ಶೀಟಿನಲ್ಲಿ ಖಾಲಿ ಸಾಲು ಇದೆಯೇ ನೋಡಿ, ತುಂಬಿ. ಆಮೇಲೆ ಬಿಟ್ಟ ಜಾಗದ ಉತ್ತರಗಳಲ್ಲಿ ಪದಗಳ ಮಿತಿ ದಾಟಿದೆಯೇ ನೋಡಿ. ‘ಎರಡಕ್ಕಿಂತ ಹೆಚ್ಚು ಪದ ಬೇಡ’ ಎಂದಿರುವಲ್ಲಿ ಮೂರು ಬರೆದರೆ ಅರ್ಥ ಸರಿಯಿದ್ದರೂ ಉತ್ತರ ತಪ್ಪು. ಕಾಗುಣಿತ ತಪ್ಪಿದರೂ ಅಷ್ಟೆ. ಪ್ಯಾಸೇಜಿನಿಂದ ಎತ್ತಿದ ಪದದ ಕೊನೆಯ ‘ಎಸ್’ ಕೈಬಿಟ್ಟು ಅಂಕ ಕಳೆದುಕೊಳ್ಳುವವರೇ ಜಾಸ್ತಿ. ಇದಿಷ್ಟಕ್ಕೆ ಒಂದೂವರೆ ನಿಮಿಷ.

ಮಿಕ್ಕದ್ದರಲ್ಲಿ ಸುತ್ತು ಹಾಕಿದ ಪ್ರಶ್ನೆಗಳಲ್ಲಿ ಒಂದಕ್ಕೆ ಮಾತ್ರ ಹೋಗಿ, ವಾಕ್ಯ ಎಲ್ಲಿದೆ ಎಂದು ಗೊತ್ತಿರುವಂಥದ್ದಕ್ಕೆ. ಎಲ್ಲಿದೆ ಎಂದೇ ಗೊತ್ತಿಲ್ಲದ್ದಕ್ಕೆ ಒಂದೂವರೆ ನಿಮಿಷ ಸಾಲದು. ಮೊದಲು ಬರೆದ ಉತ್ತರವನ್ನು ಬದಲಿಸುವುದಾದರೆ ಕಾರಣವಾಗಿ ಪ್ಯಾಸೇಜಿನ ಒಂದು ಪದದ ಮೇಲೆ ಬೆರಳಿಡಲು ಬರಬೇಕು. ‘ಯಾಕೋ ಇದಲ್ಲ ಅನ್ನಿಸ್ತಿದೆ’ ಎಂಬುದು ಕಾರಣವಲ್ಲ, ದಣಿವು.

ಮನೆಯಲ್ಲಿ ಅಭ್ಯಾಸ ಮಾಡುವಾಗ ಬರೀ ಒಟ್ಟು ಅಂಕ ಬರೆದಿಟ್ಟರೆ ಇದರಲ್ಲಿ ಒಂದೂ ತಿಳಿಯುವುದಿಲ್ಲ. ಮೂರು ಪ್ಯಾಸೇಜ್ ಮುಗಿದ ಹೊತ್ತು, ಸುತ್ತು ಹಾಕಿದ ಪ್ರಶ್ನೆಗಳ ಬಗೆ, ಅವುಗಳಲ್ಲಿ ಮೊದಲ ಊಹೆ ಸರಿಯಾದವೆಷ್ಟು, ಹಿಂದಿರುಗಿ ಬದಲಿಸಿ ಕೆಡಿಸಿದವೆಷ್ಟು, ಇಷ್ಟನ್ನು ಪಕ್ಕದಲ್ಲಿ ಬರೆಯಿರಿ. ನಾಲ್ಕೈದು ಪತ್ರಿಕೆ ಆಗುವಷ್ಟರಲ್ಲಿ ನಿಮ್ಮನ್ನು ಹಿಡಿದು ಕೂರಿಸುವ ಪ್ರಶ್ನೆ ಯಾವ ಬಗೆಯದು ಎಂದು ಗೊತ್ತಾಗುತ್ತದೆ. ಆ ಬಗೆಯನ್ನು ಪರೀಕ್ಷೆಯ ದಿನ ಪ್ಯಾಸೇಜಿನ ಕೊನೆಗೆ ಇಟ್ಟುಕೊಳ್ಳಿ.